ಉಳಿದ ಇಡ್ಲಿ ಕಾವಲಿಗೆ ಅಂಟುತ್ತಿದೆ, ಗರಿಗರಿ ಆಗುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?

ಹೊಸ ಕೈ

ರಾತ್ರಿ ಉಳಿದ ಇಡ್ಲಿಯನ್ನು ಬೆಳಿಗ್ಗೆ ಕಾವಲಿಯಲ್ಲಿ ಗರಿಗರಿ ಮಾಡಬೇಕು ಅಂತ ಮೂರು ಸಲ ನೋಡಿದೆ. ಮೂರು ಸಲವೂ ಕೆಟ್ಟಿತು. ಒಂದು ಇಡ್ಲಿಯನ್ನು ಎಂಟು ತುಂಡು ಮಾಡುತ್ತೇನೆ. ಬೀಡಿನ ಕಾವಲಿ, ಎರಡು ಟೇಬಲ್ ಚಮಚ ಎಣ್ಣೆ, ಮಧ್ಯಮ ಉರಿ. ತುಂಡು ಹಾಕಿ ಕೈಯಾಡಿಸುತ್ತೇನೆ. ಕೆಳಗಿನ ಪದರ ಕಾವಲಿಯಲ್ಲೇ ಕಚ್ಚಿಕೊಂಡು ಉಳಿದವು ಪುಡಿಪುಡಿ ಆಗುತ್ತವೆ. ಅಂಟುತ್ತಿದೆ ಅಂತ ಇನ್ನಷ್ಟು ಎಣ್ಣೆ ಬಿಟ್ಟರೆ ಅದನ್ನೂ ಹೀರಿಕೊಳ್ಳುತ್ತದೆ. ತಿಂದರೆ ಬಾಯೆಲ್ಲ ಎಣ್ಣೆ, ಗರಿ ಮಾತ್ರ ಇಲ್ಲ.

ಬೆಳಗಿನ ತಿಂಡಿ

ಅಂಟುವುದಕ್ಕೆ ಇಡ್ಲಿ ತಟ್ಟೆಗೆ ಎಣ್ಣೆ ಸವರಿ. ಬೆಂದ ಮೇಲೆ ಎರಡು ನಿಮಿಷ ಬಿಟ್ಟು, ಒದ್ದೆ ಚಮಚದಿಂದ ಅಂಚು ಬಿಡಿಸಿ. ಚೆನ್ನಾಗಿ ಬರುತ್ತದೆ.

ಹೊಸ ಕೈ

ತಟ್ಟೆಯಿಂದ ಚೆನ್ನಾಗಿಯೇ ಬರುತ್ತದೆ ಅಕ್ಕ. ಮಾರನೇ ದಿನ ಕಾವಲಿಗೆ ಹಾಕಿದಾಗ ತೊಂದರೆ.

ಜೋರು ಉರಿ

ಉರಿ ಸಾಲದು, ಅದಕ್ಕೇ ಎಣ್ಣೆ ಕುಡಿಯುತ್ತಿದೆ. ಪೂರ್ತಿ ಜೋರು ಇಡಿ. ನಾನು ಯಾವಾಗಲೂ ಹಾಗೇ ಮಾಡುವುದು, ಎರಡು ನಿಮಿಷಕ್ಕೆ ಕೆಂಪಾಗುತ್ತದೆ.

ಹಳೆ ಕಾವಲಿ

ಎಣ್ಣೆ ಕುಡಿಯುವುದಕ್ಕೆ ಬಿಸಿ ಸಾಲದಿರುವುದು ಕಾರಣ, ಅಷ್ಟು ನಿಜ. ಆದರೆ ಇಡ್ಲಿ ಹಾಕುವ ಮೊದಲೇ ಕಾವಲಿಯಲ್ಲಿ ಬಿಸಿ ಇರಬೇಕು. ಹಾಕಿದ ಮೇಲೆ ಉರಿ ಏರಿಸಿದರೆ ಹೊರಗೆ ಕಪ್ಪು ಚುಕ್ಕೆ ಬೀಳುತ್ತದೆ, ಅದರ ಕೆಳಗೆ ಮೆತ್ತಗೇ ಇರುತ್ತದೆ. ಎರಡು ನಿಮಿಷಕ್ಕೆ ಬಂದ ಗರಿ ತಟ್ಟೆಗೆ ಬರುವಷ್ಟರಲ್ಲಿ ಹೋಗುತ್ತದೆ. ಒಳಗಿನ ಹಬೆ ಆ ತೆಳು ಪದರವನ್ನು ಮತ್ತೆ ನೆನೆಸಿಬಿಡುತ್ತದೆ.

ಹೊಸ ಕೈ ಅವರೇ, ಎರಡು ವಿಷಯ ಹೇಳಿ. ಇಡ್ಲಿ ರಾತ್ರಿ ಎಲ್ಲಿತ್ತು? ಕಾವಲಿ ಎಷ್ಟು ಹೊತ್ತು ಕಾಯಿಸುತ್ತೀರಿ?

ಹೊಸ ಕೈ

ಹಾಟ್‌ಬಾಕ್ಸ್‌ನಲ್ಲೇ ಮುಚ್ಚಿಟ್ಟಿದ್ದೆ. ಕಾವಲಿ ಇಟ್ಟು, ಎಣ್ಣೆ ಬಿಟ್ಟು, ಒಂದು ನಿಮಿಷ ಆದ ಮೇಲೆ ಇಡ್ಲಿ ಹಾಕುತ್ತೇನೆ.

ಹಳೆ ಕಾವಲಿ

ಹಾಗಾದರೆ ಮೊದಲು ಹಾಟ್‌ಬಾಕ್ಸ್ ಬಿಡಿ. ರಾತ್ರಿಯಿಡೀ ಉಗುರುಬೆಚ್ಚಗೆ ಇದ್ದ ಅಕ್ಕಿ ತಿನಿಸು ಹೊಟ್ಟೆಗೆ ಒಳ್ಳೆಯದಲ್ಲ. ಅದರಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಹುರಿದರೂ ಹೋಗುವುದಿಲ್ಲ. ಮುಟ್ಟಿದರೆ ಲೋಳೆ, ಮುರಿದರೆ ನೂಲು ಎಳೆದ ಹಾಗೆ ಬಂದರೆ ಎಸೆಯಿರಿ. ಅಂಥ ಗುರುತು ಇಲ್ಲ ಅಂತ ಧೈರ್ಯ ಮಾಡಬೇಡಿ, ವಿಷ ಕಣ್ಣಿಗೂ ಮೂಗಿಗೂ ಗೊತ್ತಾಗದೆ ಇರಬಹುದು. ಊಟ ಆದ ತಕ್ಷಣ ಇಡ್ಲಿ ಆರಿಸಿ, ಫ್ರಿಜ್‌ಗೆ ಹಾಕಿಬಿಡಿ.

ನಿಮ್ಮ ಕಾವಲಿಯ ತೊಂದರೆಗೂ ಅಲ್ಲೇ ಅರ್ಧ ಉತ್ತರ ಇದೆ. ಹಾಟ್‌ಬಾಕ್ಸ್‌ನಲ್ಲಿ ಹಬೆ ನೀರಾಗಿ ಇಡ್ಲಿಯ ಮೇಲೇ ಕೂರುತ್ತದೆ. ಮೈಯೆಲ್ಲ ಒದ್ದೆ, ಒಳಗೆ ಮೆತ್ತಗೆ. ಇದನ್ನು ಕತ್ತರಿಸಿದರೆ ಚಾಕುವಿಗೇ ಅಂಟುತ್ತದೆ ಅಲ್ವಾ? ಕಾವಲಿಗೂ ಹಾಗೇ ಅಂಟುತ್ತದೆ. ಫ್ರಿಜ್‌ನಲ್ಲಿ ತಣ್ಣಗಾದಾಗ ಅಕ್ಕಿಯ ಪಿಷ್ಟ ಗಟ್ಟಿಯಾಗುತ್ತದೆ. ಅದೇ ಇಡ್ಲಿ ಆಗ ನೀಟಾಗಿ ಕತ್ತರಿಸಿಕೊಳ್ಳುತ್ತದೆ. ಹಾಗೆ ತಿನ್ನಲು ಒರಟು, ಆದರೆ ಕಾವಲಿಗೆ ಅದೇ ಬೇಕು. ಬಿಸಿ ತಾಗಿದ ಮೇಲೆ ಒಳಗೆ ಮತ್ತೆ ಮೆತ್ತಗಾಗುತ್ತದೆ.

ಕತ್ತರಿಸುವುದೂ ಬದಲಿಸಿ. ಎಂಟು ತುಂಡು ಬೇಡ. ಇಡ್ಲಿಯನ್ನು ಅಡ್ಡಕ್ಕೆ ಸೀಳಿ ಎರಡು ಬಿಲ್ಲೆ ಮಾಡಿ. ಇಡ್ಲಿಯ ಹೊಟ್ಟೆ ಉಬ್ಬಿರುತ್ತದೆ, ಕಾವಲಿಗೆ ನಡುವೆ ಮಾತ್ರ ತಾಗುತ್ತದೆ. ಸೀಳಿದ ಮುಖ ಚಪ್ಪಟೆ, ಪೂರ್ತಿ ಕೂರುತ್ತದೆ. ಗರಿ ಬರುವುದು ಆ ಮುಖಕ್ಕೇ. ಒಣ ಬಟ್ಟೆಯಿಂದ ಮೆಲ್ಲಗೆ ಒತ್ತಿ ಪಸೆ ತೆಗೆಯಿರಿ.

ಬೀಡಿನ ಕಾವಲಿ ನಿಧಾನವಾಗಿ ಕಾಯುತ್ತದೆ. ಮಧ್ಯಮ ಉರಿಯಲ್ಲಿ ನಾಲ್ಕು ನಿಮಿಷ ಖಾಲಿ ಇಡಿ. ನೀರಿನ ಹನಿ ಬಿದ್ದ ಕೂಡಲೇ ಚುರ್ ಅಂದು ಆರಿಹೋಗಬೇಕು. ಅದು ಪೂರ್ತಿ ಆರಿದ ಮೇಲೆ ಎರಡು ಟೀ ಚಮಚ ಎಣ್ಣೆ ಬಿಡಿ. ಎಣ್ಣೆ ನೀರಿನಂತೆ ತೆಳ್ಳಗೆ ಓಡಬೇಕು, ಹೊಗೆ ಬರಬಾರದು. ಸೀಳಿದ ಮುಖ ಕೆಳಗೆ ಮಾಡಿ ನಾಲ್ಕೈದು ಬಿಲ್ಲೆ ಇಡಿ, ನಡುವೆ ಒಂದು ಬೆರಳು ಜಾಗ ಬಿಡಿ.

ಇನ್ನು ಮುಟ್ಟಬೇಡಿ. ಮೊದಲ ಒಂದೆರಡು ನಿಮಿಷ ಎಲ್ಲವೂ ಅಂಟಿಕೊಂಡೇ ಇರುತ್ತದೆ. ತೇವ ಹೋಗುವವರೆಗೆ ಅಲ್ಲಿ ಗರಿ ಕಟ್ಟುವುದಿಲ್ಲ. ಕಿವಿ ಕೊಡಿ. ಮೊದಲು ಸದ್ದು ಜೋರಾಗಿ, ಒದ್ದೆಯಾಗಿ ಕೇಳುತ್ತದೆ. ಮೂರು ನಿಮಿಷದ ಹೊತ್ತಿಗೆ ಸಣ್ಣಗಾಗಿ ಚಿಟಚಿಟ ಅನ್ನುತ್ತದೆ, ಅಂಚಿನ ಗುಳ್ಳೆ ಕಡಿಮೆಯಾಗುತ್ತದೆ. ಆಗ ಮೊಗಚುವ ಕೈಯನ್ನು ಅಂಚಿಗೆ ತಾಗಿಸಿ ನೋಡಿ. ತಾನಾಗಿ ಜರುಗಿದರೆ ಮಗುಚಿ. ಜರುಗದಿದ್ದರೆ ಇನ್ನೊಂದು ನಿಮಿಷ ಬಿಡಿ, ಕೆರೆಯಬೇಡಿ. ಮಗುಚಿದ ಮೇಲೆ ಅಂಚಿಗೆ ಒಂದು ಟೀ ಚಮಚ ಎಣ್ಣೆ, ಎರಡೂವರೆ ನಿಮಿಷ ಸಾಕು. ಮುಚ್ಚಳ ಮಾತ್ರ ಹಾಕಬೇಡಿ, ಹಬೆ ಕಟ್ಟಿ ಎಲ್ಲ ಮೆತ್ತಗಾಗುತ್ತದೆ.

ಅನ್ನದ ಬಿಲ್ಲೆ

ನನ್ನದು ಇಡ್ಲಿ ಅಲ್ಲ. ಉಳಿದ ಅನ್ನವನ್ನು ಒತ್ತಿ ಬಿಲ್ಲೆ ಮಾಡಿ ಹೀಗೇ ಹಾಕುತ್ತೇನೆ. ಮಗುಚುವಾಗ ನಡುವೆ ಮುರಿಯುತ್ತದೆ. ಇದಕ್ಕೂ ಇದೇ ಹೊತ್ತು ಸಾಕಾ?

ಹಳೆ ಕಾವಲಿ

ಇಲ್ಲ, ಜಾಸ್ತಿ ಬೇಕು. ಇಡ್ಲಿ ಹಿಟ್ಟಿನಿಂದ ಒಂದಾಗಿ ಬೆಂದದ್ದು. ನಿಮ್ಮದು ಬಿಡಿ ಅಗುಳು, ಅಂಟಿಗೆ ಹಿಡಿದಿರುತ್ತದೆ. ಅನ್ನ ಬಿಸಿಯಿರುವಾಗಲೇ ಒತ್ತಬೇಕು, ಫ್ರಿಜ್‌ನಿಂದ ತೆಗೆದ ಮೇಲೆ ಒತ್ತಿದರೆ ಕೂಡಿಕೊಳ್ಳುವುದಿಲ್ಲ. ಒತ್ತಿ, ಆರಿದ ಕೂಡಲೇ ಫ್ರಿಜ್‌ನಲ್ಲಿಟ್ಟು ಗಟ್ಟಿ ಮಾಡಿ. ದಪ್ಪ ಒಂದು ಬೆರಳಿಗಿಂತ ಹೆಚ್ಚು ಬೇಡ. ಮೊದಲ ಮುಖಕ್ಕೆ ಐದಾರು ನಿಮಿಷ ಕೊಡಿ. ಕೆಳಗಿನ ಗರಿಯೇ ಅದನ್ನು ಹಿಡಿದಿಡುವುದು. ಉದುರುದುರಾಗುವ ಉದ್ದ ಅಕ್ಕಿ ಆದರೆ ಎಷ್ಟು ಮಾಡಿದರೂ ಬಿಡಿಬಿಡಿಯೇ.

ಜೋರು ಉರಿ

ನನ್ನದು ನಾನ್‌ಸ್ಟಿಕ್. ನಾಲ್ಕು ನಿಮಿಷ ಖಾಲಿ ಕಾಯಿಸಬಹುದಾ?

ಹಳೆ ಕಾವಲಿ

ಬೇಡ. ನಾನ್‌ಸ್ಟಿಕ್ ತೆಳು, ಬೇಗ ಕಾಯುತ್ತದೆ, ಖಾಲಿ ಕಾದರೆ ಲೇಪ ಹಾಳಾಗುತ್ತದೆ. ಎಣ್ಣೆ ಹಾಕಿಯೇ ಮಧ್ಯಮ ಉರಿಯಲ್ಲಿ ಒಂದೂವರೆ ನಿಮಿಷ. ಎಣ್ಣೆಯೂ ಅರ್ಧ ಸಾಕು. ಜೋರು ಉರಿ ಇದಕ್ಕಂತೂ ಆಗದು.

ಹೊಸ ಕೈ

ಮಾಡಿ ನೋಡಿದೆ. ರಾತ್ರಿ ನಾಲ್ಕು ಇಡ್ಲಿ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಎಂಟು ಬಿಲ್ಲೆ, ಎರಡು ಸರದಿ. ಮೊದಲ ಸರದಿಯಲ್ಲಿ ಎರಡು ನಿಮಿಷಕ್ಕೇ ತಡೆಯಲಾಗದೆ ಒಂದನ್ನು ಎತ್ತಿದೆ, ಅಂಟಿ ಹರಿಯಿತು. ಅದರ ಪಕ್ಕದ್ದನ್ನು ಬಿಟ್ಟೆ. ಮೂರು ಮುಕ್ಕಾಲು ನಿಮಿಷಕ್ಕೆ ತಾನಾಗಿ ಜರುಗಿತು, ಅಡಿ ಪೂರ್ತಿ ಹೊಂಬಣ್ಣ. ಉಗುರಿನಿಂದ ತಟ್ಟಿದರೆ ಟಕ್ ಅಂತು. ಒಳಗೆ ಬಿಸಿ, ಮೆತ್ತಗೆ. ಒಟ್ಟು ಎಣ್ಣೆ ಎರಡು ಟೇಬಲ್ ಚಮಚವೇ ಆಯಿತು, ಆದರೆ ಈ ಸಲ ಅಷ್ಟರಲ್ಲೇ ನಾಲ್ಕೂ ಇಡ್ಲಿ ಮುಗಿದವು, ಬಾಯಿಗೂ ಜಿಡ್ಡು ಹತ್ತಲಿಲ್ಲ.

ಎರಡನೇ ಸರದಿ ಮಾತ್ರ ಬೇಗ ಕೆಂಪಾಯಿತು, ಮೂರು ನಿಮಿಷವೂ ಬೇಕಾಗಲಿಲ್ಲ. ಮಗುಚಿದ ಮೇಲೆ ಚಟ್ನಿಪುಡಿ ಉದುರಿಸಿದೆ, ಅದು ಕರಕಲು ವಾಸನೆ ಬಂತು.

ಹಳೆ ಕಾವಲಿ

ಬೀಡು ಅಷ್ಟು ಹೊತ್ತಿಗೆ ಇನ್ನೂ ಬಿಸಿ ಹಿಡಿದಿರುತ್ತದೆ. ಎರಡನೇ ಸರದಿಗೆ ಉರಿ ಒಂದಿಷ್ಟು ಇಳಿಸಿ. ಚಟ್ನಿಪುಡಿ ಒಲೆ ಆರಿಸಿದ ಮೇಲೆ ಹಾಕಿ. ಮೆಣಸಿನಕಾಯಿ ಆ ಬಿಸಿ ತಡೆಯುವುದಿಲ್ಲ.

ಬೆಳಗಿನ ತಿಂಡಿ

ಈಗ ಪ್ರಶ್ನೆ ಅರ್ಥವಾಯಿತು. ನಾನು ಎಣ್ಣೆಯನ್ನು ಕಾವಲಿಗೆ ಬಿಡದೆ ಬಿಲ್ಲೆಗೇ ಸವರಿ ಇಡುತ್ತೇನೆ. ಎಣ್ಣೆ ಕಡಿಮೆ ಸಾಕಾಗುತ್ತದೆ.

ಹಳೆ ಕಾವಲಿ

ನನಗೆ ಹಾಗೆ ಮಾಡಿದಾಗ ಬಣ್ಣ ತೇಪೆತೇಪೆಯಾಗಿ ಬಂದಿದೆ. ನಿಮಗೆ ಸಮನಾಗಿ ಬರುತ್ತದಾ? ಯಾವ ಕಾವಲಿ?

ಬೆಳಗಿನ ತಿಂಡಿ

ನಾನ್‌ಸ್ಟಿಕ್. ಬೀಡಿನದರಲ್ಲಿ ನೋಡಿಲ್ಲ. ನಾಳೆ ಎರಡು ಬಿಲ್ಲೆ ಹೀಗೆ, ಎರಡು ಹಾಗೆ ಇಟ್ಟು ನೋಡುತ್ತೇನೆ.