ಸಹಾಯ ಬೇಕು: ಗಂಟೆಗೆ ಎಷ್ಟು ಕೇಳಲಿ?

ನಮಸ್ಕಾರ. ಮೈಸೂರಿನಲ್ಲಿ ಮನೆಯಿಂದಲೇ ಡಿಸೈನ್ ಕೆಲಸ ಮಾಡುತ್ತೇನೆ. ತಿಂಗಳಿಗೆ 50,000 ಕೈಗೆ ಸಿಗಬೇಕು ಅಂತ ಅದನ್ನು 200 ಗಂಟೆಗೆ ಭಾಗಿಸಿ, ಗಂಟೆಗೆ 250 ತಗೊಳ್ತಿದ್ದೆ. ಕಳೆದ ವರ್ಷ ಡೆಂಗ್ಯೂ ಬಂದು ಮೂರು ವಾರ ಮಲಗಿದೆ. ಒಂದು ರೂಪಾಯಿ ಬರಲಿಲ್ಲ. ಆಗಲೇ ತಪ್ಪು ಗೊತ್ತಾಗಿದ್ದು.

ಈಗಿನ ಲೆಕ್ಕ ಹೀಗಿದೆ. ವರ್ಷಕ್ಕೆ ನನಗೆ 6 ಲಕ್ಷ, ಲ್ಯಾಪ್‌ಟಾಪ್, ಸಾಫ್ಟ್‌ವೇರ್, ನೆಟ್‌ಗೆ 90,000, ತೆರಿಗೆ ಮತ್ತು ಆರೋಗ್ಯ ವಿಮೆಗೆ 60,000. ಒಟ್ಟು 7.5 ಲಕ್ಷ. ರಜೆ, ಕಾಯಿಲೆ, ಕೆಲಸವಿಲ್ಲದ ವಾರ ಕಳೆದರೆ ಉಳಿಯೋದು 38 ವಾರ. ಕೊಟೇಶನ್, ಫೋನು, ಬಾಕಿ ವಸೂಲಿ ಬಿಟ್ಟರೆ ವಾರಕ್ಕೆ ದುಡ್ಡು ಬರುವ ಕೆಲಸ 25 ಗಂಟೆ ಮಾತ್ರ. ಅಂದರೆ 950 ಗಂಟೆ, ಗಂಟೆಗೆ ಸುಮಾರು 790!

ಹಳೇ ಗ್ರಾಹಕರಿಗೆ ಇದನ್ನು ಒಮ್ಮೆಲೇ ಹೇಳಲಾ, ಹಂತಹಂತವಾಗಿ ಏರಿಸಲಾ? ಇಡೀ ಪ್ರಾಜೆಕ್ಟ್‌ಗೆ ದರ ಹೇಳಿದಾಗ ಎಷ್ಟು ತಿದ್ದುಪಡಿ ಸೇರಿಸುತ್ತೀರಿ? ಇದೇ ಕೆಲಸದಲ್ಲಿರುವವರು ದಯವಿಟ್ಟು ತಿಳಿಸಿ.