ಸ್ಟ್ಯಾಟಿಕ್ ಹಜಾರ್ಡ್, ರಿಡಂಡೆಂಟ್ ಟರ್ಮ್: ಸಂಜೆಯೊಳಗೆ ಕನ್ನಡ ಪದ ಬೇಕು

ಕಲಬುರಗಿಯಿಂದ:
ನಮಸ್ಕಾರ. ಪಾಲಿಟೆಕ್ನಿಕ್ ಮಕ್ಕಳಿಗಾಗಿ ಒಂದು ಲ್ಯಾಬ್ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಪ್ರಿಂಟಿಗೆ ಹೋಗುತ್ತದೆ. ಎರಡು ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ. ಸರ್ಕಿಟ್ ಇದು:

```
F = AB + A'C
```

B, C ಎರಡೂ 1. A ಮಾತ್ರ 1ರಿಂದ 0ಗೆ ಇಳಿಯುತ್ತದೆ. F ಅಲ್ಲಾಡದೆ 1ರಲ್ಲೇ ಇರಬೇಕು, ಆದರೆ ಒಂದು ಗಳಿಗೆ 0ಗೆ ಬಿದ್ದು ಏಳುತ್ತದೆ. BC ಸೇರಿಸಿದರೆ ಬೀಳುವುದಿಲ್ಲ. ಸದ್ಯಕ್ಕೆ ‘ಸ್ಥಿರ ಅಪಾಯ’, ‘ಅನಗತ್ಯ ಪದ’ ಅಂತ ಹಾಕಿದ್ದೇನೆ. ಓದಿದರೆ ನನಗೇ ನಗು ಬರುತ್ತದೆ.

ಯಾದಗಿರಿಯಿಂದ:
ಅಪಾಯ ಸರಿಯಾಗೇ ಇದೆಯಲ್ಲ. ಟ್ರಾನ್ಸ್‌ಫಾರ್ಮರ್ ಕಂಬದ ಮೇಲೂ ಅದೇ ಬೋರ್ಡು. ನಮ್ಮ ಕಡೆ ‘ಖತರಾ’ ಅಂದರೆ ಇನ್ನೂ ಬೇಗ ತಿಳಿಯುತ್ತದೆ. ಸ್ಟ್ಯಾಟಿಕ್ ಅಂದರೆ ಚಳಿಯಲ್ಲಿ ಸ್ವೆಟರ್ ತೆಗೆದಾಗ ಚಟ್ ಅನ್ನುತ್ತದಲ್ಲ, ಅದು ತಾನೇ?

ಬೀದರಿನಿಂದ:
ಅದಲ್ಲ. ಯಾರಿಗೂ ಶಾಕ್ ಹೊಡೆಯುವುದಿಲ್ಲ ಇಲ್ಲಿ. ಔಟ್‌ಪುಟ್ ನಿಂತಲ್ಲೇ ನಿಲ್ಲಬೇಕಾಗಿತ್ತು ಅನ್ನುವುದಕ್ಕೆ ‘ಸ್ಟ್ಯಾಟಿಕ್’.

A ಇಳಿದ ಕೂಡಲೇ AB ಗೇಟ್ ಕೈಬಿಡುತ್ತದೆ. A'C ಗೇಟ್‌ಗೆ ಸುದ್ದಿ ಮುಟ್ಟುವುದು ಇನ್ವರ್ಟರ್ ದಾಟಿದ ಮೇಲೆ. 74LS04 ಆದರೆ ಸುಮಾರು 10 ನ್ಯಾನೊಸೆಕೆಂಡು ತಡ. ಆ ನಡುವೆ F ಅನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲ. A ಮೇಲೇರುವಾಗ ಹೀಗಾಗುವುದಿಲ್ಲ. AB ಮೊದಲೇ ಬಂದು ನಿಂತಿರುತ್ತದೆ, A'C ಆಮೇಲೆ ಹೋಗುತ್ತದೆ. ಇದು ಎಡವುವುದು. ‘ಎಡವು’ ಅಂತಲೇ ಹಾಕಿ.

‘ಅನಗತ್ಯ ಪದ’ ಮಾತ್ರ ಬೇಡವೇ ಬೇಡ. ಹಿಂದಿನ ಪಾಠದಲ್ಲೇ ಮಕ್ಕಳಿಗೆ ಅನಗತ್ಯವಾದದ್ದನ್ನು ಅಳಿಸಿ ಅಂತ ಕಲಿಸಿರುತ್ತೀರಿ. BC ಕಂಡ ತಕ್ಷಣ ಅಳಿಸುತ್ತಾರೆ. ಕಾರ್ನೋ ಮ್ಯಾಪಿನಲ್ಲಿ 3 ಮತ್ತು 7ನೇ ಮನೆಗಳು ಅಕ್ಕಪಕ್ಕ ಇವೆ, ಎರಡರಲ್ಲೂ 1 ಇದೆ, ಆದರೆ ಒಂದೇ ಸುತ್ತಿನೊಳಗೆ ಇಲ್ಲ. 7 AB ಸುತ್ತಿನಲ್ಲಿ, 3 A'C ಸುತ್ತಿನಲ್ಲಿ. ಇಂಥ ಜೋಡಿ ಕಂಡಲ್ಲಿ ಎಡವು ಇದೆ. ಎರಡನ್ನೂ ಸೇರಿಸಿ ಸುತ್ತು ಹಾಕಿದರೆ ಸಿಗುವುದೇ BC. ಅದರಲ್ಲಿ A ಇಲ್ಲ, ಹಾಗಾಗಿ A ಏನೇ ಮಾಡಿದರೂ ಅದು 1. ‘ಆಸರೆ ಪದ’ ಅನ್ನಿ.

ಅಚ್ಚಗನ್ನಡದವರು:
‘ಪದ’ ಸಂಸ್ಕೃತ. ‘ಸ್ಥಿರ’ ಸಂಸ್ಕೃತ. ‘ಕಾಪುಸೊಲ್ಲು’ ಅನ್ನಿ. ‘ಹಜಾರ್ಡ್’ ಅನ್ನುವುದು ಫ್ರೆಂಚರ ದಾಳದಾಟದ ಹೆಸರು. ಹೊರಗಿನ ಮಾತು ಈಗಲೇ ಜಾಸ್ತಿಯಾಗಿದೆ.

ಯಾದಗಿರಿಯಿಂದ:
‘ಜಾಸ್ತಿ’ ಎಲ್ಲಿಂದ ಬಂತು ಸರ್? ಅದೂ ಹೊರಗಿನದೇ, ಪಾರ್ಸಿ-ಉರ್ದು ದಾರಿಯಲ್ಲಿ ಬಂದದ್ದು. ನಿಜಾಮರ ಸೀಮೆಯವರು ನಾವು. ಸವಾಲು, ಜವಾಬು ಬಿಟ್ಟು ಮಾತಾಡಿ ಅಂದರೆ ಬಾಯಿ ಮುಚ್ಚಿಕೊಂಡು ಕೂರಬೇಕಾಗುತ್ತದೆ.

ಅಚ್ಚಗನ್ನಡದವರು:
ಮಾತು ಬೇರೆ, ಹೊತ್ತಿಗೆ ಬೇರೆ. ಇದಕ್ಕೆ ಮತ್ತೆ ಮರುನುಡಿಯುವುದಿಲ್ಲ.

ಶಹಾಬಾದಿನಿಂದ:
ನನ್ನದು ರಿಪೇರಿ ಅಂಗಡಿ. ಪದ ಏನಾದರೂ ಇಟ್ಟುಕೊಳ್ಳಿ. ಒಂದು ಕೌಂಟರ್ ಬೋರ್ಡಿನಲ್ಲಿ ಇಂಥದ್ದೇ ಗೇಟ್‌ಗಳ ಔಟ್‌ಪುಟ್ಟು ಸೀದಾ ಕ್ಲಾಕ್‌ಗೆ ಹೋಗಿತ್ತು. ಒಂದು ಒತ್ತಿದರೆ ಎರಡು ಎಣಿಸುತ್ತಿತ್ತು. ಸಣ್ಣ ಕೆಪಾಸಿಟರ್ ಹಾಕಿದೆ, ನಿಂತಿತು. ಫಾಸ್ಟ್ ಐಸಿ ಹಾಕಿದರೂ ಆಗುತ್ತದೆ. BC ಎಲ್ಲ ಯಾಕೆ?

ಬೀದರಿನಿಂದ:
ಕೆಪಾಸಿಟರ್ ತಗ್ಗನ್ನು ಮುಚ್ಚಿತು, ನಿಜ. ಆದರೆ ಅಂಚನ್ನೂ ನಿಧಾನ ಮಾಡಿತು. ನಿಧಾನದ ಅಂಚನ್ನು ಕ್ಲಾಕ್‌ಗೆ ಕೊಟ್ಟರೆ ಬೇರೆ ತಂಟೆ ಶುರುವಾಗುತ್ತದೆ. ಫಾಸ್ಟ್ ಐಸಿ ಹಾಕಿದರೆ ತಗ್ಗು ಕಿರಿದಾಗುತ್ತದೆ ಅಷ್ಟೇ. ಮುಂದಿರುವುದೂ ಫಾಸ್ಟ್ ಆಗಿದ್ದರೆ ಅದನ್ನೂ ಹಿಡಿಯುತ್ತದೆ.

ಕೈಪಿಡಿಗೆ ಲ್ಯಾಚ್ ಉದಾಹರಣೆ ಹಾಕಿ, ಆಸರೆ ಯಾಕೆ ಅಂತ ತಾನೇ ತಿಳಿಯುತ್ತದೆ.

```
Q = ED + E'Q
```

D, Q ಎರಡೂ 1 ಇದ್ದಾಗ E ಇಳಿದರೆ ಅದೇ ತಗ್ಗು. ಆದರೆ ಇಲ್ಲಿ Q ತಿರುಗಿ ಒಳಗೇ ಬರುತ್ತದೆ. ತಗ್ಗಿನಲ್ಲಿ 0 ಒಳಗೆ ಹೊಕ್ಕರೆ ಆಮೇಲೆ ಏಳುವುದೇ ಇಲ್ಲ, ಇಟ್ಟುಕೊಂಡಿದ್ದ 1 ಹೋಯಿತು. DQ ಸೇರಿಸಲೇಬೇಕು.

ಕಲಬುರಗಿಯಿಂದ:
ಸರ್, ಮಕ್ಕಳಿಗೆ ತೋರಿಸುವುದು ಹೇಗೆ? ಎಲ್‌ಇಡಿ ಹಾಕಿ ನೋಡಿದೆ, ಏನೂ ಕಾಣಲಿಲ್ಲ.

ಬೀದರಿನಿಂದ:
10 ನ್ಯಾನೊಸೆಕೆಂಡು ಕಣ್ಣಿಗೆ ಕಾಣುತ್ತದಾ? ಒಂದು ಇನ್ವರ್ಟರ್ ಬದಲು ಮೂರನ್ನು ಸಾಲಾಗಿ ಹಾಕಿ. ತಗ್ಗು ಹೆಚ್ಚುಕಡಿಮೆ ಮೂರು ಪಟ್ಟು ಅಗಲವಾಗುತ್ತದೆ. ಸ್ಕೋಪಿನ ಟ್ರಿಗರ್ ಅನ್ನು A ಇಳಿಯುವ ಅಂಚಿಗೆ ಇಡಿ. ಆಮೇಲೆ BC ಗೇಟ್ ಸೇರಿಸಿ, ಅಲ್ಲೇ ಮಾಯವಾಗುತ್ತದೆ.

ಇನ್ನೊಂದು ಸಾಲು ಬರೆಯಿರಿ: ಒಮ್ಮೆಗೆ ಒಂದೇ ಇನ್‌ಪುಟ್ ಬದಲಾದರೆ ಮಾತ್ರ ಈ ಆಸರೆ ನಡೆಯುತ್ತದೆ. A, B ಎರಡೂ ಒಟ್ಟಿಗೆ ಬದಲಾದರೆ ಗ್ಯಾರಂಟಿ ಇಲ್ಲ.

ಕಲಬುರಗಿಯಿಂದ:
‘ಆಸರೆ ಪದ’ ಹಾಕಿದೆ. ಹಜಾರ್ಡ್ ಅನ್ನು ಹಜಾರ್ಡ್ ಅಂತಲೇ ಬಿಟ್ಟು, ಗ್ಲಿಚ್‌ಗೆ ‘ಎಡವು’ ಅಂದಿದ್ದೇನೆ. ಮ್ಯಾಪಿನಲ್ಲಿ ಕಾಣುವುದು ಎಡವುವ ಸಾಧ್ಯತೆ ಮಾತ್ರ, ಎಡವೇ ಅಲ್ಲ, ಅಲ್ವಾ ಸರ್?

ಬೀದರಿನಿಂದ:
ಹೌದು. ಆದರೂ ಹಜಾರ್ಡ್ ಬಿಟ್ಟಿದ್ದು ನನಗೆ ಒಪ್ಪಿಗೆಯಿಲ್ಲ.