ಸಹಾಯ ಬೇಕು: ಮೀಟಿಂಗ್ ರೂಮ್ ಲೆಕ್ಕದಲ್ಲಿ ಹೀಪ್‌ಗೂ ಎರಡು ಅರೇಗೂ ಬೇರೆ ಉತ್ತರ

ಎಲ್ಲರಿಗೂ ನಮಸ್ಕಾರ. ಕನಿಷ್ಠ ಎಷ್ಟು ರೂಮ್ ಬೇಕೆಂದು ಎರಡು ರೀತಿ ಲೆಕ್ಕ ಹಾಕುತ್ತಿದ್ದೇನೆ. ಮೊದಲನೆಯದು, ಮುಗಿಯುವ ಸಮಯಗಳ ಹೀಪ್. ಎರಡನೆಯದು, ಶುರು ಮತ್ತು ಮುಗಿಯುವ ಸಮಯಗಳನ್ನು ಬೇರೆಬೇರೆ ಸಾರ್ಟ್ ಮಾಡಿ:

```python
for s in starts:
    if s < ends[j]: rooms += 1
    else: j += 1
```

(9,12), (10,11), (11,13) ಕೊಟ್ಟರೆ ಎರಡರಲ್ಲೂ 2 ಬರುತ್ತದೆ. 11ಕ್ಕೆ ಖಾಲಿಯಾದ ರೂಮ್ 11ರ ಮೀಟಿಂಗ್‌ಗೆ ಸಿಗಬೇಕು, ಹಾಗಾಗಿ `<=` ಹಾಕುವಂತಿಲ್ಲ. ಹಾಕಿದರೆ 3 ಆಗುತ್ತದೆ.

ತೊಂದರೆ (11,11) ಒಂದೇ ಇದ್ದಾಗ. ಹೀಪ್ 1 ಅನ್ನುತ್ತದೆ, ಅರೇ 0 ಅನ್ನುತ್ತದೆ. ಮೀಟಿಂಗ್ ತನ್ನದೇ ಮುಗಿಯುವ ಸಮಯವನ್ನು ನೋಡಿ, ಇನ್ನೂ ಪಡೆಯದ ರೂಮನ್ನೇ ಬಿಟ್ಟುಕೊಡುತ್ತಿದೆ. ಹೀಪ್‌ನಲ್ಲಿ ಹಾಗಾಗದು, ಏಕೆಂದರೆ ಶುರುವಾಗದ ಮೀಟಿಂಗ್ ಅದರೊಳಗೆ ಇರುವುದೇ ಇಲ್ಲ.

ರೂಮ್ ನಂಬರೂ ಬೇಕಿರುವುದರಿಂದ `ends` ಬದಲು ಇಂಡೆಕ್ಸ್‌ಗಳನ್ನು ಮುಗಿಯುವ ಸಮಯದಂತೆ ಸಾರ್ಟ್ ಮಾಡುವ ಯೋಚನೆಯಿದೆ. ಶೂನ್ಯ ಅವಧಿಯವನ್ನು ಮೊದಲೇ ತೆಗೆಯದೆ ಇದನ್ನು ಸರಿಪಡಿಸುವ ದಾರಿ ಇದೆಯೇ, ಅಥವಾ (ಮುಗಿಯುವ ಸಮಯ, ರೂಮ್) ಜೋಡಿಯ ಹೀಪೇ ಒಳ್ಳೆಯದೇ? ತಿಳಿದವರು ಹೇಳಿ.